ಗಿಗಾಬಿಟ್ ಕೇಬಲ್ ನೂರಕ್ಕೇ ನಿಂತಿದೆಯೇ? ಮೊದಲು ನೀಲಿ, ಬ್ರೌನ್ ವಯರ್ ನೋಡಿ

ಮನೆಗೆ 300 ಎಂಬಿಪಿಎಸ್ ಫೈಬರ್ ಬಂದಿದೆ. ರೂಟರ್ ಪಕ್ಕದಲ್ಲಿ ಕೂತರೆ ಮೊಬೈಲ್‌ನಲ್ಲಿ ವೈಫೈ 250 ದಾಟುತ್ತದೆ. ಮಹಡಿ ಕೋಣೆಯಲ್ಲಿ ಕೇಬಲ್ ಸಿಕ್ಕಿಸಿದ ಕಂಪ್ಯೂಟರ್ ಮಾತ್ರ 94ಕ್ಕೆ ಬಂದು ಅಲ್ಲೇ ಕೂರುತ್ತದೆ. ಬೆಳಿಗ್ಗೆ ನೋಡಿದರೂ 94, ರಾತ್ರಿ ನೋಡಿದರೂ 94. ಆಗ ಜನ ಮಾಡುವ ಮೊದಲ ಕೆಲಸ ಕಸ್ಟಮರ್ ಕೇರ್‌ಗೆ ಫೋನ್, ಎರಡನೆಯದು ಹೊಸ ರೂಟರ್. ಎರಡೂ ದಂಡ. ಏರಿಳಿತವೇ ಇಲ್ಲದೆ 94ಕ್ಕೆ ಅಂಟಿಕೊಂಡಿದ್ದರೆ ಲಿಂಕ್ ನೂರು ಎಂಬಿಪಿಎಸ್‌ಗೆ ಇಳಿದಿದೆ ಎಂದೇ ತಿಳಿಯಿರಿ.

ಲ್ಯಾನ್ ಕೇಬಲ್ಲಿನೊಳಗೆ ಎಂಟು ವಯರ್, ಅಂದರೆ ನಾಲ್ಕು ಜೋಡಿ. ನೂರು ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು: ಆರೆಂಜ್ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು, ಒಂದೊಂದು ಜೋಡಿ 250 ಹೊರುತ್ತದೆ. ತಮಾಷೆ ಎಂದರೆ, ‘ಯಾವ ವೇಗದಲ್ಲಿ ಹೋಗೋಣ’ ಎಂದು ಎರಡು ತುದಿಯ ಸಾಧನಗಳು ಮಾತಾಡಿಕೊಳ್ಳುವುದೂ ಅದೇ ಆರೆಂಜ್, ಹಸಿರು ಜೋಡಿಗಳ ಮೇಲೆ. ಹಾಗಾಗಿ ಗಿಗಾಬಿಟ್‌ಗೆ ಇಬ್ಬರೂ ಒಪ್ಪುತ್ತಾರೆ. ಆಮೇಲೆ ನೀಲಿ ಅಥವಾ ಬ್ರೌನ್ ಜೋಡಿಯಲ್ಲಿ ಉತ್ತರ ಬರುವುದಿಲ್ಲ. ಕೆಲವು ಸಲ ಪ್ರಯತ್ನಿಸಿ ಸುಮ್ನೆ ನೂರಕ್ಕೆ ಇಳಿಯುತ್ತಾರೆ. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

1. ಲಿಂಕ್ ವೇಗ ನೋಡಿ. ಸ್ಪೀಡ್ ಟೆಸ್ಟ್ ಬಿಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಮೊದಲ ಸಾಲು, ಲಿನಕ್ಸ್‌ನಲ್ಲಿ ಎರಡನೆಯದು (`eth0` ಜಾಗದಲ್ಲಿ ನಿಮ್ಮ ಪೋರ್ಟಿನ ಹೆಸರು):

```
Get-NetAdapter
sudo ethtool eth0
```

`100 Mbps` ಅಥವಾ `100Mb/s` ಎಂದಿದ್ದರೆ ಮುಂದಕ್ಕೆ ಹೋಗಿ.

2. ಪೋರ್ಟ್ ಸರಿಯಿದೆಯೇ ನೋಡಿ. ಒಳ್ಳೆಯದೆಂದು ಗೊತ್ತಿರುವ ಒಂದು ಗಿಡ್ಡ ಪ್ಯಾಚ್ ಕೇಬಲ್ ತೆಗೆದುಕೊಂಡು ಅದೇ ಕಂಪ್ಯೂಟರನ್ನು ರೂಟರಿನ ಅದೇ ಪೋರ್ಟಿಗೆ ನೇರವಾಗಿ ಸಿಕ್ಕಿಸಿ. ಇಲ್ಲೂ ನೂರೇ ಬಂದರೆ ಗೋಡೆ ಒಡೆಯಬೇಡಿ. ಫೈಬರ್ ಜೊತೆ ಕೊಡುವ ಅಗ್ಗದ ಡಬ್ಬಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಇದ್ದು, ಉಳಿದವು ನೂರರವು ಆಗಿರುವುದುಂಟು. ಕಡಿಮೆ ಬೆಲೆಯ ಯುಎಸ್‌ಬಿ ಲ್ಯಾನ್ ಅಡಾಪ್ಟರುಗಳದ್ದೂ ಇದೇ ಕಥೆ. ಒಂದು ಗಿಗಾಬಿಟ್ ಬಂತೋ, ತಪ್ಪು ಕೇಬಲ್ಲಿನದ್ದೇ.

3. ಟೆಸ್ಟರ್ ಹಾಕಿ. ಎಂಟು ದೀಪದ ಅಗ್ಗದ ಟೆಸ್ಟರ್ ಸಾಕು. ಎರಡೂ ತುದಿಯನ್ನು ಸಾಧನಗಳಿಂದ ಬಿಡಿಸಿಯೇ ಹಾಕಿ. ಕ್ಯಾಮೆರಾಗೆ ಕರೆಂಟ್ ಕೊಡುವ ಸ್ವಿಚ್‌ಗೆ ಟೆಸ್ಟರ್ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು. 4, 5 ನೀಲಿ ಜೋಡಿ. 7, 8 ಬ್ರೌನ್. ದೀಪ ಓಡುತ್ತಿರುವಾಗ ಎರಡೂ ತುದಿಯಲ್ಲಿ ಪ್ಲಗ್ ಹತ್ತಿರ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ. ಒಮ್ಮೆ ಹತ್ತಿ ಒಮ್ಮೆ ಆರುವ ದೀಪವೂ ಕೆಟ್ಟ ದೀಪವೇ.

ಪರಿಚಯದವರ ಮನೆಯಲ್ಲಿ 7 ಮತ್ತು 8 ಹತ್ತಲೇ ಇಲ್ಲ. ಮಹಡಿಯ ಗೋಡೆ ಪ್ಲೇಟ್ ಬಿಚ್ಚಿದರೆ ಬ್ರೌನ್ ಜೋಡಿಯನ್ನು ಕತ್ತರಿಸಿ ಕೇಬಲ್ಲಿಗೇ ಸುತ್ತಿಬಿಟ್ಟಿದ್ದರು! ‘ಎರಡು ಜೋಡಿ ಸಾಕು’ ಎನ್ನುವ ಹಳೇ ಅಭ್ಯಾಸ. ಒಂದೇ ಕೇಬಲ್ಲಿನಲ್ಲಿ ನೆಟ್ ಮತ್ತು ಇಂಟರ್‌ಕಾಂ ಎರಡನ್ನೂ ಓಡಿಸುವವರೂ ಇದ್ದಾರೆ. ಅಂಥ ಕಡೆ ನೀಲಿ ಜೋಡಿ ಇಂಟರ್‌ಕಾಂ ಪಾಲಾಗಿರುತ್ತದೆ.

4. ತುದಿಯನ್ನು ಹೊಸದಾಗಿ ಕಟ್ಟಿ. ಕೆಲಸ ಕೆಡುವುದೇ ಇಲ್ಲಿ, ನಿಧಾನಿಸಿ. ಹಳೆಯ ಪ್ಲಗ್ಗನ್ನು ಒತ್ತಿ ಸರಿಮಾಡಲು ಹೋಗಬೇಡಿ, ಕತ್ತರಿಸಿ ಬಿಸಾಡಿ. ಹೊರಗಿನ ಸಿಪ್ಪೆಯನ್ನು ಸುಮಾರು ಮೂರು ಸೆಂಟಿಮೀಟರ್ ಬಿಡಿಸಿ. ಬ್ಲೇಡ್ ಆಳಕ್ಕೆ ಇಳಿದರೆ ಒಳಗಿನ ವಯರಿಗೆ ಗೀರು ಬೀಳುತ್ತದೆ. ಇವತ್ತು ಪಾಸಾಗುತ್ತದೆ, ಬಾಗಿಸಿದ ದಿನ ಮುರಿಯುತ್ತದೆ. ಅದಕ್ಕೇ ಸಿಪ್ಪೆ ಸುತ್ತ ಹಗುರವಾಗಿ ಗೆರೆ ಎಳೆದು, ಬಾಗಿಸಿ ಹರಿಯಿರಿ. ಪ್ರತಿ ವಯರನ್ನೂ ಬೆಳಕಿಗೆ ಹಿಡಿದು ನೋಡಿ. ತಾಮ್ರ ಕಂಡರೆ ಇನ್ನೊಮ್ಮೆ ಕತ್ತರಿಸಿ ಶುರುಮಾಡಿ.

ಪ್ಲಗ್ಗಿನ ಕ್ಲಿಪ್ ಆಚೆ ಬದಿಗೆ, ಚಿನ್ನದ ಬಣ್ಣದ ಪಿನ್‌ಗಳು ನಿಮ್ಮ ಕಡೆಗೆ, ವಯರ್ ಹೋಗುವ ಬಾಯಿ ಕೆಳಕ್ಕೆ ಇರಲಿ. ಎಡದಿಂದ ಕ್ರಮ ಹೀಗೆ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಬ್ರೌನ್, ಬ್ರೌನ್. ಹಸಿರು ಜೋಡಿ ನೀಲಿಯ ಎರಡೂ ಬದಿಗೆ ಹಂಚಿಹೋಗಿದೆ, ಗಮನಿಸಿದಿರಾ? ‘ಎರಡೂ ಕಡೆ ಒಂದೇ ಥರ ಇದ್ದರೆ ಸಾಕಲ್ವಾ’ ಎಂದು ಜೋಡಿಗಳನ್ನು ಸಾಲಾಗಿ ಪಕ್ಕಪಕ್ಕ ಜೋಡಿಸುವವರು ಬಹಳ. ಟೆಸ್ಟರಿನ ಎಂಟೂ ದೀಪ ಸರಿಯಾಗಿ ಹತ್ತುತ್ತವೆ. ಆದರೆ ಆಗ 3 ಮತ್ತು 6ನೇ ಪಿನ್ನಿಗೆ ಒಂದೇ ಜೋಡಿಯ ವಯರ್ ಹೋಗಿರುವುದಿಲ್ಲ. ಒಟ್ಟಿಗೆ ಹೊಸೆದಿರುವುದರಿಂದಲೇ ಜೋಡಿಯಲ್ಲಿ ಗದ್ದಲ ಕಳೆಯುವುದು. ಅದು ತಪ್ಪಿದರೆ ಪಕ್ಕದ ಜೋಡಿಯ ಸಿಗ್ನಲ್ ಒಳಗೆ ನುಗ್ಗುತ್ತದೆ. ಎರಡು ಮೀಟರಿನ ತುಂಡಿನಲ್ಲಿ ನಡೆದರೂ ಇಪ್ಪತ್ತು ಮೀಟರಿನಲ್ಲಿ ಕೈಕೊಡುತ್ತದೆ. ಇದನ್ನು ದೀಪದ ಟೆಸ್ಟರ್ ಹಿಡಿಯುವುದಿಲ್ಲ, ಕಣ್ಣೇ ಹಿಡಿಯಬೇಕು.

ವಯರ್‌ಗಳನ್ನು ನೇರಮಾಡಿ, ಸಾಲಾಗಿ ಒತ್ತಿಹಿಡಿದು ಸುಮಾರು 13 ಮಿಲಿಮೀಟರ್ ಬಿಟ್ಟು ಒಂದೇ ಏಟಿಗೆ ಕತ್ತರಿಸಿ. ಹೊಸೆತ ಬಿಚ್ಚಿದ ಭಾಗ ಅದಕ್ಕಿಂತ ಜಾಸ್ತಿ ಇರಬಾರದು. ಒಳಗೆ ತಳ್ಳಿದಾಗ ಎಂಟೂ ತುದಿ ಪ್ಲಗ್ಗಿನ ಮುಂದಿನ ಗೋಡೆಗೆ ಮುಟ್ಟಬೇಕು. ಹೊರಸಿಪ್ಪೆಯೂ ಒಳಗೆ ಹೋಗಿ ಹಿಡಿ ಕಚ್ಚುವ ಜಾಗದವರೆಗೆ ಬರಬೇಕು. ಬಣ್ಣದ ವಯರ್ ಹೊರಗೆ ಕಾಣುತ್ತಿದ್ದರೆ ಎಳೆತವೆಲ್ಲ ಅದರ ಮೇಲೇ ಬೀಳುತ್ತದೆ.

ಇನ್ನು ಕ್ರಿಂಪರ್. ತೆಳು ತಗಡಿನ ಅಗ್ಗದ ಕ್ರಿಂಪರ್ ಒತ್ತುವಾಗ ನಡುವೆ ಬಾಗುತ್ತದೆ. ಆಚೀಚೆಯ ಪಿನ್ ಪೂರ್ತಿ ಇಳಿದು, ನಡುವಿನ 4, 5 ಸ್ವಲ್ಪ ಮೇಲೇ ಉಳಿಯುತ್ತವೆ. ಅಂದರೆ ಸರಿಯಾಗಿ ನೀಲಿ ಜೋಡಿಯೇ! ಪರಿಚಯದವರ ಮನೆಯಲ್ಲಿ ಪ್ಲೇಟ್ ಸರಿಮಾಡಿ, ರೂಟರ್ ಕಡೆಯ ಪ್ಲಗ್ ಹೊಸದು ಹಾಕಿದ ಮೇಲೂ 5ನೇ ದೀಪ ಮಿಣಮಿಣ ಎನ್ನುತ್ತಿತ್ತು. ಪ್ಲಗ್ಗನ್ನು ಅಡ್ಡವಾಗಿ ಹಿಡಿದು ನೋಡಿದರೆ ನಡುವಿನ ಪಿನ್ ಎದ್ದು ನಿಂತಿತ್ತು. ಗಟ್ಟಿ ಕ್ರಿಂಪರ್ ತಂದು ಇನ್ನೊಮ್ಮೆ ಒತ್ತಿದ ಮೇಲೆ ಒಂದು ಗಿಗಾಬಿಟ್ ಬಂತು, ಸ್ಪೀಡ್ ಟೆಸ್ಟ್ 300 ಮುಟ್ಟಿತು.

ಗೋಡೆಯ ಜ್ಯಾಕ್‌ನಲ್ಲಾದರೆ ಅದರ ಮೇಲೆ ಬರೆದ ಬಣ್ಣ ನೋಡಿ, ಬಿ ಸಾಲಿನ ಪ್ರಕಾರ ಪಂಚಿಂಗ್ ಟೂಲ್‌ನಿಂದ ಒತ್ತಿ; ಪ್ಲಗ್ಗಿಗೆ ಮೇಲೆ ಹೇಳಿದ ಕ್ರಮವೂ ಬಿ ಕ್ರಮವೇ. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಒಳಗಿನ ಸೀಳು ಅಗಲವಾಗಿ ವಯರ್ ಸಡಿಲವಾಗುತ್ತದೆ. ಬಹಳ ಜನ ಮಾಡುವುದು ಇದನ್ನೇ.

5. ಇನ್ನೂ ದೀಪ ಹತ್ತದಿದ್ದರೆ ಪೈಪಿನೊಳಗೆ ವಯರ್ ತುಂಡಾಗಿದೆ. ವಯರನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬೆಲೆ ಕಡಿಮೆ, ಬಾಗಿಸಿದರೆ ಬೇಗ ಮುರಿಯುತ್ತದೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲೆ ‘ಸಿಸಿಎ’ ಎಂದಿದೆಯೇ ನೋಡಿ, ಇದ್ದರೆ ಬಿಟ್ಟುಬಿಡಿ. ನಡುವೆ ಜಾಯಿಂಟ್ ಹಾಕಿ ಟೇಪ್ ಸುತ್ತುವುದೂ ಬೇಡ, ಹೊಸೆತ ಅಲ್ಲೇ ಹಾಳಾಗುತ್ತದೆ.

ಮನೆಗೆ ಕ್ಯಾಟ್ 5ಇ ಶುದ್ಧ ತಾಮ್ರದ ಕೇಬಲ್ ಗಿಗಾಬಿಟ್‌ಗೆ ಧಾರಾಳ. ಹಳೆಯ ಕೇಬಲ್ಲಿನ ತುದಿಗೆ ಹೊಸದನ್ನೂ ಒಂದು ನೈಲಾನ್ ದಾರವನ್ನೂ ಬಿಗಿಯಾಗಿ ಕಟ್ಟಿ ಆಚೆ ತುದಿಯಿಂದ ಎಳೆಯಿರಿ. ದಾರ ಪೈಪಿನಲ್ಲೇ ಇರಲಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು ಬೇಕಾಗುತ್ತದೆ.