ಗೀಚು ಟಿಪ್ಪಣಿಯನ್ನು ಅರ್ಥ ಕೆಡದಂತೆ ಬಿಡಿಸಿ ಬರೆಯುವುದು: ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರ ತರಗತಿ ಟಿಪ್ಪಣಿಗಳನ್ನು ಬಿಡಿಸಿ ಬರೆದು ಟೈಪ್ ಮಾಡಿಕೊಡುವುದು ಐದಾರು ವರ್ಷಗಳಿಂದ ನನ್ನ ಕೆಲಸ. ಹೆಚ್ಚಾಗಿ ಭಾರತ ಸಂವಿಧಾನದ ಟಿಪ್ಪಣಿಗಳು. ಕೋಚಿಂಗ್ ಕೇಂದ್ರವೊಂದರಲ್ಲಿ ಪಾಠ ಮಾಡುವ ಸ್ನೇಹಿತರೊಬ್ಬರು ಮೊದಲ ದಿನವೇ ಹೇಳಿದ್ದರು: "ತರಗತಿಯಲ್ಲಿ ಕೂರದವರು ಬಿಡಿಸಿದರೆ ಅದು ನಿಮ್ಮ ಟಿಪ್ಪಣಿಯಾಗುತ್ತದೆ, ವಿದ್ಯಾರ್ಥಿಯದ್ದಲ್ಲ." ಕಳೆದ ವರ್ಷ ಅವರೇ ತಮ್ಮ ಪಾಠದ ಟಿಪ್ಪಣಿಯೊಂದನ್ನು ನನ್ನಿಂದ ಬಿಡಿಸಿಕೊಂಡು, ಒಂದೊಂದು ಸಾಲನ್ನೂ ಓದಿ ನೋಡಿ, ತಾವು ಹೇಳದ ಮಾತು ಅದರಲ್ಲಿ ಒಂದೂ ಇಲ್ಲ ಎಂದರು. ಅದಕ್ಕೇ ಈ ಬರಹ.

ಆರಂಭದಲ್ಲಿ ನನ್ನ ಬಳಿ ಇದ್ದದ್ದು ಒಂದು ದೊಡ್ಡ ಪಟ್ಟಿ. ಸಂ. ಎಂದರೆ ಸಂವಿಧಾನ, ರಾ. ಎಂದರೆ ರಾಜ್ಯ, ಲೋ. ಎಂದರೆ ಲೋಕಸಭೆ ಎಂದು ಇನ್ನೂರು ಮುನ್ನೂರು ಸಂಕ್ಷೇಪಗಳನ್ನು ಸೇರಿಸಿದ್ದೆ. ಟಿಪ್ಪಣಿಯನ್ನು ಇದ್ದ ಹಾಗೆಯೇ ಟೈಪ್ ಮಾಡಿ, ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸಿದರೆ ಕೆಲಸ ಮುಗಿಯಿತು ಎಂಬ ಲೆಕ್ಕ. 'ಸಂಬಂಧ' ಎಂಬ ಪದ 'ಸಂವಿಧಾನಬಂಧ' ಆಗಿ ಕೂತಿತು. ಚುಕ್ಕಿ ಇರುವ ಸಂಕ್ಷೇಪವನ್ನು ಮಾತ್ರ ಬದಲಿಸುವಂತೆ ಮಾಡಿದಾಗ ಆ ತೊಂದರೆ ಹೋಯಿತು, ಆದರೆ ಅದಕ್ಕಿಂತ ಕೆಟ್ಟದ್ದು ಉಳಿಯಿತು. ಒಂದೇ ಪುಟದಲ್ಲಿ ಸಂ. ಎಂಬುದು ಒಂದು ಕಡೆ ಸಂವಿಧಾನ, ಇನ್ನೊಂದು ಕಡೆ ಸಂಸತ್ತು, ಮತ್ತೊಂದು ಕಡೆ ಸಂಪುಟ. ತಪ್ಪಾಗಿ ಬಿಡಿಸಿದ ಸಾಲೂ ಓದಲು ಸರಿಯಾದ ಕನ್ನಡವೇ ಆಗಿರುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯನ್ನು ಅಲ್ಲಿಗೆ ಬಿಟ್ಟೆ.

ಈಗ ನನ್ನದು ಒಂದು ತರಗತಿಗೆ ಒಂದು ಕೀಲಿ, ಅಂದರೆ ಆ ತರಗತಿಯ ಟಿಪ್ಪಣಿಯಲ್ಲಿ ಯಾವ ಸಂಕ್ಷೇಪಕ್ಕೆ ಯಾವ ಅರ್ಥ ಎಂಬ ಪಟ್ಟಿ. ಬರೆಯುವವರು ಪಾಠದ ಮೊದಲ ಹತ್ತು ನಿಮಿಷ ನಿಧಾನವಾಗಿರುತ್ತಾರೆ, ಪದಗಳನ್ನು ಪೂರ್ತಿ ಬರೆಯುತ್ತಾರೆ. ಮೇಷ್ಟ್ರ ಮಾತು ವೇಗ ಹಿಡಿದಂತೆ ಅದೇ ಪದಗಳು ಅರ್ಧವಾಗಿ, ಆಮೇಲೆ ಒಂದಕ್ಷರವಾಗಿ ಇಳಿಯುತ್ತವೆ. ಆದ್ದರಿಂದ ಕೊನೆಯ ಪುಟದ ಕೀಲಿ ಮೊದಲ ಪುಟದಲ್ಲೇ ಇರುತ್ತದೆ. ಮೂಲದ ಜೆರಾಕ್ಸ್ ಪ್ರತಿಯ ಮೇಲೆ, ಪ್ರತಿ ಸಂಕ್ಷೇಪವೂ ಮೊದಲ ಸಲ ಪೂರ್ಣವಾಗಿ ಕಾಣಿಸಿದ ಜಾಗಕ್ಕೆ ಗುರುತು ಹಾಕಿಕೊಂಡು ಹೋಗುತ್ತೇನೆ. ಒಂದೇ ವಿದ್ಯಾರ್ಥಿಯ ಹಿಂದಿನ ವಾರದ ಕೀಲಿಯನ್ನೂ ಈ ವಾರಕ್ಕೆ ತರುವುದಿಲ್ಲ. ಶಾಸಕಾಂಗದ ಪಾಠದಲ್ಲಿ ಲೋ. ಎಂದು ಲೋಕಸಭೆಯನ್ನು ಬರೆದವರೇ ಆಯೋಗಗಳ ಪಾಠದಲ್ಲಿ ಲೋ. ಎಂದು ಲೋಕಸೇವಾ ಆಯೋಗವನ್ನು ಬರೆಯುತ್ತಾರೆ.

ನಿಜವಾದ ಕಷ್ಟ ಸಂಕ್ಷೇಪದ್ದಲ್ಲ. ಅವಸರದ ಟಿಪ್ಪಣಿಯಲ್ಲಿ ವಿಭಕ್ತಿಯೂ ಕ್ರಿಯಾಪದವೂ ಇರುವುದಿಲ್ಲ. ಯಾರು ಯಾರಿಗೆ ಏನು ಮಾಡಿದರು ಎಂಬುದೆಲ್ಲ ಬಾಣದ ಗುರುತಿನೊಳಗೆ ಅಡಗಿರುತ್ತದೆ. ಒಂದು ಟಿಪ್ಪಣಿಯ ಸಾಲುಗಳನ್ನು ಇದ್ದ ಹಾಗೆ ಕೊಡುತ್ತೇನೆ:

352: ಯು/ಬಾ.ಆ/ಸ.ದಂ. ಆಂ.ಗ → ಸ.ದಂ (44). ಸಂ. ಲಿ. ಸಲಹೆ ಕಡ್ಡಾಯ. ಸಂ. ಒಪ್ಪಿಗೆ 2 → 1 ತಿಂ, ವಿ.ಬ. 6 ತಿಂ. ಗರಿ ×

ನನ್ನ ಬಳಿ ಕಲಿಯಲು ಬಂದಿದ್ದ ಹುಡುಗ ಎರಡನೆಯ ತುಣುಕನ್ನು "ಆಂತರಿಕ ಗಲಭೆಯು ಸಶಸ್ತ್ರ ದಂಗೆಗೆ ದಾರಿ ಮಾಡಿಕೊಡುತ್ತದೆ" ಎಂದು ಬಿಡಿಸಿದ. ಓದಿದರೆ ಅರ್ಥವಿರುವ ಮಾತು, ಆದರೆ ಟಿಪ್ಪಣಿ ಹೇಳುವುದು ಅದಲ್ಲ. ಪಕ್ಕದ ಆವರಣದಲ್ಲಿರುವ 44 ನೋಡಬೇಕು. 1978ರ 44ನೇ ತಿದ್ದುಪಡಿ 'ಆಂತರಿಕ ಗಲಭೆ' ಎಂಬ ಮಾತನ್ನು ತೆಗೆದು 'ಸಶಸ್ತ್ರ ದಂಗೆ' ಎಂದು ಹಾಕಿತು. ಇಲ್ಲಿ ಬಾಣವೆಂದರೆ 'ಇದರ ಬದಲಿಗೆ ಅದು'. ಮುಂದೆ 2 → 1 ಎಂಬಲ್ಲಿಯೂ ಅದೇ ಬಾಣ, ಅದೇ ಅರ್ಥ; ಎರಡು ತಿಂಗಳಿದ್ದದ್ದು ಒಂದು ತಿಂಗಳಾಯಿತು. ಎರಡು ಸಂ. ಗಳನ್ನು ಪಕ್ಕದ ಪದಗಳೇ ಬಿಡಿಸುತ್ತವೆ. ಲಿಖಿತ ಸಲಹೆ ಕೊಡುವುದು ಸಂಪುಟ, ತಿಂಗಳೊಳಗೆ ಒಪ್ಪಿಗೆ ಕೊಡಬೇಕಾದದ್ದು ಸಂಸತ್ತು. ಕೊನೆಯ × ಗುರುತನ್ನು ಅದೇ ಪುಟದ ಬೇರೆ ಎರಡು ಕಡೆ 'ಇಲ್ಲ' ಎಂಬರ್ಥದಲ್ಲಿ ಬಳಸಿದ್ದರು. ಆದ್ದರಿಂದ ಗರಿಷ್ಠ ಮಿತಿ ಇಲ್ಲ.

ನಾನು ಬಿಡಿಸಿ ಬರೆದದ್ದು ಹೀಗಿತ್ತು: "352ನೇ ವಿಧಿಯಂತೆ ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ದಂಗೆಯ ಕಾರಣಕ್ಕೆ [ತುರ್ತು ಪರಿಸ್ಥಿತಿ ಘೋಷಿಸಬಹುದು]. 'ಆಂತರಿಕ ಗಲಭೆ' ಎಂಬುದರ ಬದಲಿಗೆ 'ಸಶಸ್ತ್ರ ದಂಗೆ' ಎಂಬುದು 44ನೇ ತಿದ್ದುಪಡಿಯಿಂದ ಬಂದಿತು. ಸಂಪುಟದ ಲಿಖಿತ ಸಲಹೆ ಕಡ್ಡಾಯ. ಸಂಸತ್ತಿನ ಒಪ್ಪಿಗೆಗೆ ಮೊದಲು ಎರಡು ತಿಂಗಳ ಅವಧಿ ಇತ್ತು, ಅದು ಒಂದು ತಿಂಗಳಾಯಿತು. ವಿಶೇಷ ಬಹುಮತ ಬೇಕು. ಆರು ತಿಂಗಳು [ಜಾರಿಯಲ್ಲಿರುತ್ತದೆ]. ಗರಿಷ್ಠ ಮಿತಿ ಇಲ್ಲ."

ಚೌಕ ಆವರಣವೇ ನನ್ನ ವಿಧಾನದ ಬೆನ್ನೆಲುಬು. ಸಂಕ್ಷೇಪದ ಪೂರ್ಣರೂಪ, ವಿಭಕ್ತಿ, ಗುರುತುಗಳ ಅರ್ಥ, ವಾಕ್ಯ ನಿಲ್ಲಲು ಬೇಕಾದ ಸಾದಾ ಕ್ರಿಯಾಪದ, ಇಷ್ಟನ್ನು ಆವರಣವಿಲ್ಲದೆ ಸೇರಿಸುತ್ತೇನೆ. ಅದರಾಚೆ ಒಂದು ಪದ ಸೇರಿದರೂ ಆವರಣದೊಳಗೆ ಹೋಗಬೇಕು. ಇಲ್ಲಿ ವಿ.ಬ. ಎಂಬುದನ್ನು 'ವಿಶೇಷ ಬಹುಮತ' ಎಂದಷ್ಟೇ ಬಿಟ್ಟಿರುವುದನ್ನು ಗಮನಿಸಿ. 352ಕ್ಕೆ ಸದನದ ಒಟ್ಟು ಸದಸ್ಯರ ಬಹುಮತದ ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೇಕು. 249ರಲ್ಲಿ ರಾಜ್ಯಸಭೆಯ ನಿರ್ಣಯಕ್ಕೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಸಾಕು. 61ರಲ್ಲಿ ರಾಷ್ಟ್ರಪತಿಯವರ ಮಹಾಭಿಯೋಗಕ್ಕೆ ಸದನದ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೇಕು. ಟಿಪ್ಪಣಿಗಳಲ್ಲಿ ಮೂರಕ್ಕೂ ವಿ.ಬ. ಎಂದೇ ಬರೆದಿರುತ್ತಾರೆ. ನನಗೆ ಗೊತ್ತಿದೆ ಎಂದು ವಿವರವನ್ನು ವಾಕ್ಯದೊಳಗೆ ತುಂಬಿದರೆ ಮೇಷ್ಟ್ರು ಹೇಳದ ಮಾತನ್ನು ಅವರ ಬಾಯಿಗೆ ಹಾಕಿದಂತೆ. ಬೇಕೆಂದವರಿಗೆ ಅಂಚಿನಲ್ಲಿ ಬರೆದುಕೊಡುತ್ತೇನೆ. ಟಿಪ್ಪಣಿಯಲ್ಲೇ ತಪ್ಪಿದ್ದರೂ ಹೀಗೆಯೇ: ಒಳಗೆ ಇದ್ದದ್ದು ಇದ್ದಂತೆ, ಅಂಚಿನಲ್ಲಿ ಸಂವಿಧಾನದ ಮಾತು.

ಅತಿ ಹೆಚ್ಚು ತಲೆ ತಿನ್ನುವುದು ರಾಪ. ರಾಷ್ಟ್ರಪತಿಯೂ ರಾಪ, ರಾಜ್ಯಪಾಲರೂ ರಾಪ. ವಿಧಿಯ ಸಂಖ್ಯೆ ಪಕ್ಕದಲ್ಲಿದ್ದರೆ ಚಿಂತೆಯಿಲ್ಲ. ಸುಗ್ರೀವಾಜ್ಞೆ 123 ಆದರೆ ರಾಷ್ಟ್ರಪತಿ, 213 ಆದರೆ ರಾಜ್ಯಪಾಲರು. ಆದರೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ರ ಸಾಲು ಹೀಗೆ ಬರುತ್ತದೆ: ರಾಪ ವರದಿ/ಇ. → ರಾಪ ತೃಪ್ತಿ → ಘೋಷಣೆ. ಇಲ್ಲಿ ಬಾಣವೆಂದರೆ ಒಂದರ ನಂತರ ಒಂದು. ವರದಿ ಕೊಡುವವರು ರಾಜ್ಯಪಾಲರು, ಮನದಟ್ಟಾಗಬೇಕಾದದ್ದು ರಾಷ್ಟ್ರಪತಿಯವರಿಗೆ. ಅದಕ್ಕಿಂತ ಮುಖ್ಯ ಆ ಪುಟ್ಟ 'ಇ.'. ಸುಮಾರು ಟಿಪ್ಪಣಿಗಳಲ್ಲಿ ಅದು ಗೀಟಿನ ಹಾಗೆ ಕಾಣುತ್ತದೆ, ಬಿಡಿಸುವವರು ಬಿಟ್ಟುಬಿಡುತ್ತಾರೆ. ಅದು 'ಅಥವಾ ಇತರೆ ರೀತಿಯಲ್ಲಿ'. ಅದನ್ನು ಬಿಟ್ಟರೆ ರಾಜ್ಯಪಾಲರ ವರದಿ ಇಲ್ಲದೆ 356 ಬರಲಾರದು ಎಂಬ ಅರ್ಥ ಹುಟ್ಟುತ್ತದೆ, ಸಂವಿಧಾನದಲ್ಲಿ ಇರುವುದು ಅದಲ್ಲ. ಅದೇ ಪುಟದ ಕೆಳಗೆ 'ಬೊಮ್ಮಾಯಿ 94: ಬಹುಮತ – ಸದನ' ಎಂದಿತ್ತು. ಬಹುಮತವನ್ನು ಸದನದಲ್ಲಿ ಸಾಬೀತುಪಡಿಸಬಹುದೋ, ಪಡಿಸಬೇಕೋ? ಟಿಪ್ಪಣಿ ಬಾಯಿ ಬಿಡುವುದಿಲ್ಲ. ಇಂಥ ಕಡೆ ಊಹೆಯನ್ನು ನೇರವಾಗಿ ವಾಕ್ಯಕ್ಕೆ ಸೇರಿಸದೆ '[ಬೇಕು]' ಎಂದು ಆವರಣದಲ್ಲಿ ಹಾಕಿ, ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ಆ ತೀರ್ಪಿನ ಸಾರಾಂಶ ನೋಡಿ, ವಿದ್ಯಾರ್ಥಿಯನ್ನು ಕೇಳಿ, ಆಮೇಲೆ ಆವರಣ ತೆಗೆಯುತ್ತೇನೆ. ಬಹುದು ಮತ್ತು ಬೇಕು ಅದಲುಬದಲಾದರೆ ಬಹುಆಯ್ಕೆ ಪ್ರಶ್ನೆಯಲ್ಲಿ ಅಂಕ ನೇರವಾಗಿ ಹೋಗುತ್ತದೆ.

ವಿದ್ಯಾರ್ಥಿಯನ್ನು ಕೇಳುವುದಕ್ಕೂ ಒಂದು ಕಾಲವಿದೆ. ಪಾಠವಾದ ನಾಲ್ಕೈದು ದಿನಗಳೊಳಗೆ ಕೇಳಿದರೆ ನೆನಪಿನಿಂದ ಹೇಳುತ್ತಾರೆ, ಇಲ್ಲವೇ ಗೊತ್ತಿಲ್ಲ ಎನ್ನುತ್ತಾರೆ. ತಿಂಗಳು ಕಳೆದ ಮೇಲೆ ಬೇರೆ ಪುಸ್ತಕದಲ್ಲಿ ಓದಿದ್ದನ್ನು ಇದೇ ಪಾಠದ್ದೆಂದು ಗಟ್ಟಿಯಾಗಿ ಹೇಳುತ್ತಾರೆ. ಅನುಮಾನದ ಜಾಗದಲ್ಲಿ ಉತ್ತರವನ್ನು ನಾವೇ ಬಾಯಿಗೆ ಕೊಡದಂತೆ ಕೇಳುವ ಒಂದು ಪ್ರಶ್ನೆಯ ರೀತಿ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಬಿಡಿಸಿದ ಮೇಲೆ ಹಿಮ್ಮುಖ ಪರೀಕ್ಷೆ. ಮೂಲವನ್ನು ನೋಡದ ಒಬ್ಬರಿಗೆ ನನ್ನ ವಾಕ್ಯಗಳನ್ನೂ ಕೀಲಿಯನ್ನೂ ಕೊಟ್ಟು ಮತ್ತೆ ಸಂಕ್ಷೇಪ ಮಾಡಿಸುತ್ತೇನೆ. ಅದನ್ನು ಮೂಲದ ಪಕ್ಕ ಇಟ್ಟರೆ, ನಾನು ಸೇರಿಸಿದ ಪದ ಹೆಚ್ಚುವರಿಯಾಗಿ ಎದ್ದು ಕಾಣುತ್ತದೆ, ನುಂಗಿದ್ದು ಖಾಲಿಯಾಗಿ ಕಾಣುತ್ತದೆ. 'ಇ.' ಕಳೆದುಹೋಗುವುದು ಹೀಗೆಯೇ ಸಿಕ್ಕಿಬಿದ್ದದ್ದು. ಜೊತೆಗೆ ಮೂಲದ ಪ್ರತಿಯೊಂದು ಅಂಕಿಗೂ ಟೈಪ್ ಪ್ರತಿಯಲ್ಲಿ ಜೋಡಿ ಇದೆಯೇ ಎಂದು ಪೆನ್ಸಿಲಿನಲ್ಲಿ ಹೊಡೆದುಕೊಂಡು ಹೋಗುತ್ತೇನೆ. ಮತ್ತೆ ಸಂಕ್ಷೇಪ ಮಾಡುವ ಕೆಲಸವನ್ನು ಮೊದಲು ನನ್ನ ತಂಗಿ ಮಾಡುತ್ತಿದ್ದಳು. ಈಗ ಪುಟಕ್ಕೆ ಐದು ರೂಪಾಯಿ ಕೊಟ್ಟು ಓದುವ ಹುಡುಗಿಯೊಬ್ಬಳಿಂದ ಮಾಡಿಸುತ್ತೇನೆ.

ದುಡ್ಡಿನ ವಿಷಯದಲ್ಲಿ ಮೊದಲ ಒಂದೂವರೆ ವರ್ಷ ನಷ್ಟವೇ. ಟೈಪ್ ಆದ ಪುಟಕ್ಕೆ ಹದಿನೈದು ರೂಪಾಯಿ ಎಂದು ದರ ಇಟ್ಟಿದ್ದೆ. ಒಂದು ಕೈಬರಹದ ಪುಟಕ್ಕೆ ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು, ಮೇಲಾಗಿ ಪುಟ ಹೆಚ್ಚಿಸಲು ವಾಕ್ಯ ಎಳೆದಿದ್ದೀರಿ ಎಂಬ ಅನುಮಾನ ಬೇರೆ. ಆಮೇಲೆ ದರವನ್ನು ಮೂಲದ ಪುಟಕ್ಕೆ ಬದಲಿಸಿದೆ. ಈಗ ಸುಮಾರು ನಲವತ್ತು ರೂಪಾಯಿ. ಒಂದು ಪದವನ್ನೂ ಎಳೆಯಲು ಕಾರಣವೇ ಉಳಿಯಲಿಲ್ಲ, ವಾಕ್ಯಗಳು ತಾವಾಗಿ ಚಿಕ್ಕವಾದವು. ಕೀಲಿ ಮೊದಲೇ ಸಿದ್ಧವಿರುವುದರಿಂದ ಎರಡು ಗಂಟೆಯ ಪಾಠದ ಟಿಪ್ಪಣಿ ಮೂರು ಗಂಟೆಯಲ್ಲಿ ಮುಗಿಯುತ್ತದೆ.

ನಡುವೆ ಮೊಬೈಲ್ ಧ್ವನಿಮುದ್ರಣವನ್ನೂ, ಮೇಷ್ಟ್ರ ಒಪ್ಪಿಗೆ ಪಡೆದೇ, ಪರೀಕ್ಷಿಸಿದೆ. ಪೂರ್ತಿ ಕೇಳಿ ಬರೆದರೆ ಅದು ಮೇಷ್ಟ್ರ ಭಾಷಣವಾಗುತ್ತದೆ, ಟಿಪ್ಪಣಿ ಅಲ್ಲ. ವಿದ್ಯಾರ್ಥಿ ಬೇಡವೆಂದು ಬಿಟ್ಟದ್ದೂ ಒಳಗೆ ಬಂದು ಕೂರುತ್ತದೆ. ಫ್ಯಾನಿನ ಸದ್ದಿನಲ್ಲಿ ರಾಷ್ಟ್ರಪತಿ ಯಾವುದು ರಾಜ್ಯಪಾಲ ಯಾವುದು ಎಂದು ಕಿವಿಗೂ ತಿಳಿಯಲಿಲ್ಲ. ಅಂಚಿನಲ್ಲಿ ಆಗಾಗ ಗಡಿಯಾರದ ಸಮಯ ಬರೆದುಕೊಳ್ಳುವ ವಿದ್ಯಾರ್ಥಿಗಳ ಟಿಪ್ಪಣಿಗೆ ಮಾತ್ರ ಅದು ಉಪಯೋಗ, ಅನುಮಾನದ ಅರ್ಧ ನಿಮಿಷವನ್ನಷ್ಟೇ ಕೇಳಬಹುದು. ಇದಕ್ಕಿಂತ ಹೆಚ್ಚು ಕಲಿಸಿದ್ದು ಇನ್ನೊಂದು ಪ್ರಯೋಗ: ಒಂದೇ ಪುಟವನ್ನು ಇಬ್ಬರಿಗೆ ಬೇರೆಬೇರೆಯಾಗಿ ಬಿಡಿಸಲು ಕೊಟ್ಟೆ. ಇಬ್ಬರೂ ಕೂಡಿದ ಕಡೆ ಸಾಮಾನ್ಯವಾಗಿ ಸರಿಯಿತ್ತು. ಬೇರೆಯಾದ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಣದ ಸಾಲುಗಳು. ಅಂದಿನಿಂದ ಬಾಣಗಳನ್ನು ಮೊದಲು ಎಣಿಸಿ, ಪ್ರತಿಯೊಂದರ ಮೇಲೂ 'ಕಾರಣ', 'ನಂತರ', 'ಬದಲಿಗೆ' ಎಂದು ಬರೆದುಕೊಳ್ಳದೆ ಒಂದು ವಾಕ್ಯವನ್ನೂ ಟೈಪ್ ಮಾಡುವುದಿಲ್ಲ.

ಇಷ್ಟಾದರೂ ಬಿಡಿಸಲಾಗದ ಸಾಲುಗಳು ಇಪ್ಪತ್ತು ಪುಟಕ್ಕೆ ನಾಲ್ಕೈದು ಉಳಿಯುತ್ತವೆ. ಅವನ್ನು ಇದ್ದ ಅಕ್ಷರಗಳಲ್ಲೇ ದಪ್ಪಗೆ ಟೈಪ್ ಮಾಡಿ, ಕೆಳಗೆ ಒಂದು ಖಾಲಿ ಸಾಲು ಬಿಟ್ಟು ಕೊಡುತ್ತೇನೆ, ಆ ಸಾಲುಗಳ ಲೆಕ್ಕಕ್ಕೆ ಒಂದಿಷ್ಟು ಹಣ ಕಡಿಮೆ ಮಾಡುತ್ತೇನೆ. ಮೊದಮೊದಲು ಇದಕ್ಕೆ ಬೇಸರಪಟ್ಟವರಿದ್ದರು. ಈಗ ಟಿಪ್ಪಣಿ ಕೈಗೆ ಬಂದ ಕೂಡಲೇ ಆ ದಪ್ಪ ಸಾಲುಗಳನ್ನೇ ಮೊದಲು ಹುಡುಕಿ, ಮರುದಿನ ತರಗತಿಯಲ್ಲಿ ಮೇಷ್ಟ್ರನ್ನು ಕೇಳಿಕೊಂಡು ಬರುತ್ತಾರೆ.