ಅಮ್ಮನ ನರನೋವಿನ ಮಾತ್ರೆಗೆ ಬ್ರಿಟನ್‌ನಲ್ಲಿ ಯಾಕಿಷ್ಟು ಬಿಗಿ?

ಊರಿಂದ ಅಪ್ಪ ಅಮ್ಮ ಬ್ರಿಟನ್‌ಗೆ ಬಂದಾಗ ಅವರ ಮಾತ್ರೆ ಡಬ್ಬಿ ಒಮ್ಮೆ ತೆಗೆದು ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರ ಹತ್ತಿರ ಪ್ರೆಗಾಬಾಲಿನ್ ಅಥವಾ ಗಾಬಾಪೆಂಟಿನ್ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಅದನ್ನು ಮೀಥೈಲ್‌ಕೋಬಾಲಮಿನ್ ಎಂಬ ಬಿ12 ವಿಟಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಕೊಡುವುದೂ ಉಂಟು. ಹಾಗಾಗಿ ಮನೆಯವರು ಅದನ್ನು ವಿಟಮಿನ್ ಮಾತ್ರೆ ಅಂದುಕೊಂಡಿರುತ್ತಾರೆ. ನನಗೆ ಭಯ ಆಗುವುದು ಅಲ್ಲೇ.

ಬ್ರಿಟನ್‌ನಲ್ಲಿ 2019ರ ಏಪ್ರಿಲ್ 1ರಿಂದ ಇವೆರಡೂ ಕ್ಲಾಸ್ ಸಿ ನಿಯಂತ್ರಿತ ಔಷಧಿಗಳು. ಜಿಪಿ ಬರೆದ ಚೀಟಿ 28 ದಿನ ಮಾತ್ರ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ 30 ದಿನಕ್ಕಿಂತ ಹೆಚ್ಚಿನ ಮಾತ್ರೆ ಬರೆಯುವುದಿಲ್ಲ. ಮುಗಿದುಹೋಯಿತು ಅಂತ ಫಾರ್ಮಸಿಗೆ ಓಡಿದರೆ ಚೀಟಿಯಿಲ್ಲದೆ ತುರ್ತಾಗಿ ಕೊಡುವಂತಿಲ್ಲ. ನಿಮ್ಮ ಮಾತ್ರೆಯನ್ನು ಗೆಳೆಯರಿಗೆ ಕೊಡುವುದು ಅಪರಾಧ.

ಯಾಕಿಷ್ಟು ಬಿಗಿ? ಜಾಸ್ತಿ ನುಂಗಿದರೆ ಕೆಲವರಿಗೆ ಕುಡಿದಂಥ ಹಿತ, ನಿರಾಳ ಸಿಗುತ್ತದೆ. ಹೆರಾಯಿನ್, ಮೆಥಡೋನ್ ತೆಗೆದುಕೊಳ್ಳುವವರು ಅಮಲು ಏರಿಸಲು ಇದನ್ನು ಸೇರಿಸುತ್ತಾರೆ. ಸಾವುಗಳು ಹೆಚ್ಚಾಗಿ ಆಗುವುದು ಈ ಜೋಡಿಯಿಂದ.

ಪ್ರೆಗಾಬಾಲಿನ್, ಗಾಬಾಪೆಂಟಿನ್ ಎರಡೂ ನರಕೋಶದ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿಕೊಂಡು ನೋವಿನ ಸುದ್ದಿ ಸಾಗುವುದನ್ನು ತಗ್ಗಿಸುತ್ತವೆ. ಜೊತೆಗೆ ಮಂಪರೂ ತರುತ್ತವೆ. ಹೆರಾಯಿನ್, ಮೆಥಡೋನ್, ಮಾರ್ಫಿನ್‌ನಂಥ ಅಫೀಮು ಜಾತಿಯ ಮದ್ದುಗಳು, ಅಂದರೆ ಒಪಿಯಾಯ್ಡ್‌ಗಳು, ಮಿದುಳಿನಲ್ಲಿ ಉಸಿರಾಟ ನಡೆಸುವ ಜಾಗವನ್ನೇ ನಿಧಾನ ಮಾಡುತ್ತವೆ. ಎರಡೂ ಸೇರಿದರೆ ಉಸಿರು ಇನ್ನಷ್ಟು ಕುಗ್ಗುತ್ತದೆ. ಮಾರ್ಫಿನ್ ಕರುಳಿನ ಚಲನೆಯನ್ನೂ ನಿಧಾನ ಮಾಡುವುದರಿಂದ ಗಾಬಾಪೆಂಟಿನ್ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ.

ಇದು ಅಮಲಿನವರ ಕಥೆ, ನಮಗೇನು ಅನ್ನಬೇಡಿ. ಒಂದು ಉದಾಹರಣೆ ನೋಡೋಣ. ಎಪ್ಪತ್ತು ದಾಟಿದ ಅಮ್ಮ ದಿನಕ್ಕೆರಡು ಸಲ 75 ಮಿಲಿಗ್ರಾಂ ಪ್ರೆಗಾಬಾಲಿನ್ ತೆಗೆದುಕೊಳ್ಳುತ್ತಾರೆ. ಕಿಡ್ನಿ ಸ್ವಲ್ಪ ಸೋತಿದೆ. ಮೆಟ್ಟಿಲಲ್ಲಿ ಜಾರಿ ಸೊಂಟ ನೋಯಿಸಿಕೊಂಡರು. ಮಗ ಫಾರ್ಮಸಿಯಿಂದ ಚೀಟಿಯಿಲ್ಲದೆ ಸಿಗುವ ಕೋ-ಕೋಡಮಾಲ್ ತಂದ. ಅದರ ಒಂದೊಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಜೊತೆ 8 ಮಿಲಿಗ್ರಾಂ ಕೊಡೀನ್ ಇದೆ. ಕೊಡೀನ್ ಒಪಿಯಾಯ್ಡೇ. ಪ್ರೆಗಾಬಾಲಿನ್ ಹೊರಹೋಗುವುದು ಕಿಡ್ನಿಯಿಂದ. ಹಾಗಾಗಿ ಅವರ ಮೈಯಲ್ಲಿ ಅದು ಆಗಲೇ ಜಾಸ್ತಿ ಉಳಿದಿದೆ. ಮೂರನೇ ದಿನ ಅಮ್ಮ ಊಟಕ್ಕೆ ಕೂತಲ್ಲೇ ತೂಕಡಿಸುತ್ತಾರೆ, ಮಾತು ತೊದಲುತ್ತದೆ. ಪ್ರಯಾಣದ ಸುಸ್ತು ಅಂತ ಮಲಗಲು ಬಿಡುವುದೇ ಇಲ್ಲಿ ಆಗುವ ತಪ್ಪು.

ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ವಿಚಿತ್ರ ಗೊರಕೆ ಬಂದರೆ, ತುಟಿ ನೀಲಿಗಟ್ಟಿದರೆ ಕೂಡಲೇ 999ಕ್ಕೆ ಫೋನ್ ಮಾಡಿ. ನುಂಗಿದ ಎಲ್ಲಾ ಮಾತ್ರೆಗಳ ಹೆಸರು ಹೇಳಿ. ನಲೋಕ್ಸೋನ್ ಎಂಬ ಮಾರುಮದ್ದು ಒಪಿಯಾಯ್ಡ್‌ನ ಹಿಡಿತ ಬಿಡಿಸುತ್ತದೆ, ಪ್ರೆಗಾಬಾಲಿನ್‌ನದ್ದು ಬಿಡಿಸುವುದಿಲ್ಲ. ಆದರೂ ಅದನ್ನು ಕೊಡಲೇಬೇಕು, ಮತ್ತು ಎಚ್ಚರವಾದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಹೆದರಿ ಪ್ರೆಗಾಬಾಲಿನ್ ಅನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆಗೆಡುವುದು, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ನೋವಿನ ಮಾತ್ರೆ ಕೊಳ್ಳುವ ಮೊದಲು ಅಮ್ಮನ ಡಬ್ಬಿಯನ್ನೇ ಫಾರ್ಮಸಿಸ್ಟ್ ಮುಂದಿಡಿ. ಬರುವಾಗ ಊರಿನ ಡಾಕ್ಟರ ಪತ್ರವೂ ಜೊತೆಗಿರಲಿ.