ಹನ್ನೆರಡು ವರ್ಷದ ನಂತರದ 45 ಲಕ್ಷ ಇಂದಿಗೆ ಎಷ್ಟು? ನಿವೃತ್ತಿಯ ಲೆಕ್ಕ ಹಾಕುವ ಕ್ರಮ

ಹುಬ್ಬಳ್ಳಿ-ಧಾರವಾಡದ ವ್ಯಾಪಾರಸ್ಥರು ನಿವೃತ್ತಿಯ ಲೆಕ್ಕ ಬರೆದುಕೊಂಡು ತೋರಿಸಲು ಬರುತ್ತಾರೆ. ಕೂಡಿಸುವುದರಲ್ಲಿ ತಪ್ಪಿರುವುದಿಲ್ಲ, ಚಕ್ರಬಡ್ಡಿಯೂ ಸರಿಯಾಗಿಯೇ ಇರುತ್ತದೆ. ಆದರೂ ಹಾಳೆ ಕೆಲಸಕ್ಕೆ ಬರುವುದಿಲ್ಲ. ಖರ್ಚಿನ ಸಾಲು ಇಂದಿನ ರೂಪಾಯಿಯಲ್ಲಿರುತ್ತದೆ, ಉಳಿತಾಯದ ಸಾಲು ಹನ್ನೆರಡು ವರ್ಷದ ಮುಂದಿನ ರೂಪಾಯಿಯಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು 'ಸಾಕಾಗುತ್ತದೆ' ಎಂದು ನಿರ್ಧರಿಸಿರುತ್ತಾರೆ. ಈ ಒಂದು ತಪ್ಪನ್ನು ತಿದ್ದುವುದು ಹೇಗೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ನಡೆಸುವ 48 ವರ್ಷದವರೊಬ್ಬರಿದ್ದಾರೆ ಎಂದುಕೊಳ್ಳಿ. 60ಕ್ಕೆ ಅಂಗಡಿ ಬಿಡುವ ಯೋಚನೆ. ಮನೆ ಖರ್ಚು ಈಗ ತಿಂಗಳಿಗೆ 30,000 ರೂಪಾಯಿ. ಬ್ಯಾಂಕಿನಲ್ಲಿ 20 ಲಕ್ಷ ಠೇವಣಿ ಇದೆ, ಬಡ್ಡಿ ಶೇ 7. ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಸಣ್ಣ ಮನೆಯಿಂದ 8,000 ಬಾಡಿಗೆ ಬರುತ್ತದೆ. 60 ತುಂಬಿದ ಮೇಲೆ ಜೀವನಪರ್ಯಂತ ತಿಂಗಳಿಗೆ 5,000 ಪಿಂಚಣಿ ಕೊಡುವ ಒಂದು ಪಾಲಿಸಿಯೂ ಇದೆ.

ಅವರ ಹಾಳೆಯ ಲೆಕ್ಕ ಹೀಗಿರುತ್ತದೆ. ಶೇ 7ರಂತೆ 20 ಲಕ್ಷ ಹನ್ನೆರಡು ವರ್ಷದಲ್ಲಿ 45 ಲಕ್ಷ ಆಗುತ್ತದೆ. ಅದರ ಬಡ್ಡಿ ತಿಂಗಳಿಗೆ 26,250. ಬಾಡಿಗೆ, ಪಿಂಚಣಿ ಸೇರಿಸಿದರೆ 39,250. ಖರ್ಚು 30,000. ತಿಂಗಳಿಗೆ ಒಂಬತ್ತು ಸಾವಿರ ಮಿಗುತ್ತದೆ, ಅಸಲಿಗೆ ಕೈ ಹಚ್ಚುವ ಪ್ರಮೇಯವೇ ಇಲ್ಲ.

ಮೊದಲು: ಯಾವ ವರ್ಷದ ರೂಪಾಯಿ ಎಂದು ಬರೆಯಿರಿ

ಪ್ರತಿ ಅಂಕಿಯ ಮುಂದೆ ಅದು ಇಂದಿನ ರೂಪಾಯಿಯೋ ಆ ವರ್ಷದ ರೂಪಾಯಿಯೋ ಎಂದು ಗುರುತು ಮಾಡಿ. ಅರ್ಥಶಾಸ್ತ್ರದವರು ಮೊದಲನೆಯದನ್ನು ನೈಜ ಮೌಲ್ಯ, ಎರಡನೆಯದನ್ನು ನಾಮಮಾತ್ರ ಮೌಲ್ಯ ಎನ್ನುತ್ತಾರೆ. ಹಾಳೆ ಪೂರ್ತಿ ಯಾವುದರಲ್ಲಿದ್ದರೂ ಸರಿ, ಬೆರಕೆ ಮಾತ್ರ ಇರಬಾರದು. ಮನೆಯ ಲೆಕ್ಕವನ್ನು ಇಂದಿನ ರೂಪಾಯಿಯಲ್ಲೇ ಇಡಿ ಎಂಬುದು ನನ್ನ ಸಲಹೆ. ಎರಡು ಸಾವಿರ ರೂಪಾಯಿ ಎಂದರೆ ಇಂದು ಎಷ್ಟು ಸಾಮಾನು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಇಪ್ಪತ್ತು ವರ್ಷದ ಮುಂದಿನ ಅಷ್ಟೇ ಹಣದ ಅಂದಾಜು ಯಾರಿಗೂ ಸಿಗುವುದಿಲ್ಲ.

ಎರಡನೆಯದು: ಒಂದು ಹಣದುಬ್ಬರ ದರ ಆರಿಸಿ

ರಿಸರ್ವ್ ಬ್ಯಾಂಕಿಗೆ 2016ರಿಂದ ಇರುವ ಗುರಿ ಶೇ 4. ಎರಡೂ ಬದಿಗೆ ಶೇ 2ರಷ್ಟು ಸಡಿಲಿಕೆ ಇದೆ. ಮನೆಯ ಯೋಜನೆಗೆ 4 ಹಿಡಿಯಬೇಡಿ, 5 ಹಿಡಿಯಿರಿ. ಗುರಿ ತಪ್ಪುವುದಾದರೆ ಮೇಲಕ್ಕೆ ತಪ್ಪಿದಾಗಲೇ ನಿಮಗೆ ತೊಂದರೆ. ಒಂದೇ ವರ್ಷದ ಬೆಲೆ ನೋಡಿ ದರ ಕಟ್ಟಲೂಬೇಡಿ. ಬ್ಯಾಡಗಿ ಮೆಣಸಿನಕಾಯಿ ಒಂದು ವರ್ಷ ಗಗನಕ್ಕೇರಿ ಮುಂದಿನ ವರ್ಷ ಇಳಿದರೆ ಅದು ಬೆಳೆ ಮತ್ತು ಆವಕದ ಏರಿಳಿತ, ಹಣದುಬ್ಬರವಲ್ಲ. ಕಿರಾಣಿ ಅಂಗಡಿಯ ಹತ್ತು ವರ್ಷ ಹಿಂದಿನ ಚೀಟಿ ಸಿಕ್ಕರೆ ಅದೇ ಸಾಮಾನಿನ ಇಂದಿನ ಬಿಲ್ಲಿನ ಜೊತೆ ಹೋಲಿಸಿ. ಅದಕ್ಕಿಂತ ಒಳ್ಳೆಯ ಅಂದಾಜು ಬೇಕಿಲ್ಲ.

ಮೂರನೆಯದು: ಬಡ್ಡಿಯನ್ನು ನೈಜ ದರಕ್ಕೆ ತನ್ನಿ

7ರಲ್ಲಿ 5 ಕಳೆದು 2 ಎನ್ನುವುದು ಒಳದಾರಿ. ದರಗಳು ಸಣ್ಣವಾಗಿದ್ದಾಗ ಬಾಯಿಲೆಕ್ಕಕ್ಕೆ ನಡೆಯುತ್ತದೆ. ಹಾಳೆಯಲ್ಲಿ ಮಾತ್ರ ಭಾಗಾಕಾರವನ್ನೇ ಮಾಡಿ:

```
=(1+7%)/(1+5%)-1
```

ಉತ್ತರ ಶೇ 1.9. ಈ ದರದಲ್ಲಿ 20 ಲಕ್ಷ ಹನ್ನೆರಡು ವರ್ಷಕ್ಕೆ ಸುಮಾರು 25 ಲಕ್ಷ ಆಗುತ್ತದೆ. 45 ಲಕ್ಷವನ್ನು 1.05ರ ಹನ್ನೆರಡನೆಯ ಘಾತದಿಂದ, ಅಂದರೆ 1.796ರಿಂದ, ಭಾಗಿಸಿದರೂ ಅದೇ 25 ಲಕ್ಷ ಬರಬೇಕು. ಬರದಿದ್ದರೆ ಎಲ್ಲೋ ಬೆರಕೆ ಆಗಿದೆ ಎಂದರ್ಥ. ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ತೆರಿಗೆ ಕಟ್ಟುವಷ್ಟು ಆದಾಯ ಇರುವವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ತೆರಿಗೆ ಬೀಳುವುದು ಪೂರ್ತಿ 7ರ ಮೇಲೆ, 1.9ರ ಮೇಲಲ್ಲ. ಶೇ 20 ತೆರಿಗೆ ಹೋದರೆ ಕೈಗೆ ಬರುವುದು 5.6; ಅದರ ನೈಜ ದರ ಅರ್ಧ ಪ್ರತಿಶತದ ಆಸುಪಾಸು. ಹಣ ಹೆಚ್ಚುಕಡಿಮೆ ನಿಂತಲ್ಲೇ ನಿಂತಂತೆ.

ನಾಲ್ಕನೆಯದು: ತಾನಾಗಿ ಏರುವ ಸಾಲು, ಏರದ ಸಾಲು

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಇಂದಿನ ರೂಪಾಯಿಗೆ ಬಂದೆವು ಎಂದು ಹೇಳಿ ಕೆಲವರು ಎಲ್ಲ ಸಾಲುಗಳನ್ನೂ ಇದ್ದಂತೆಯೇ ಬಿಟ್ಟುಬಿಡುತ್ತಾರೆ. ಬೆಲೆಯ ಜೊತೆ ತಾನಾಗಿ ಏರುವ ಸಾಲನ್ನು ಮಾತ್ರ ಹಾಗೆ ಬಿಡಬಹುದು. ಬಾಡಿಗೆ ಅಂಥದ್ದು: ಪ್ರತಿ ವರ್ಷ ಕರಾರು ಹೊಸದಾಗುವಾಗ ಅದನ್ನು ಏರಿಸಿಕೊಳ್ಳುತ್ತೀರಿ. ಹಾಗಾಗಿ ಇಂದಿನ ರೂಪಾಯಿಯಲ್ಲಿ 8,000 ಎಂದೇ ಕೊನೆತನಕ ಬರೆಯಿರಿ. ಏರಿಸುವ ಅಭ್ಯಾಸವಿಲ್ಲದಿದ್ದರೆ ಇದೂ ಏರದ ಸಾಲೇ ಆಯಿತು.

ಪಾಲಿಸಿಯ 5,000 ಹಾಗಲ್ಲ. ಕರಾರಿನಲ್ಲಿ ಬರೆದಿರುವುದು ರೂಪಾಯಿ, ಅದು ಏರುವುದಿಲ್ಲ. ಅದನ್ನು ಪ್ರತಿ ವರ್ಷಕ್ಕೂ ಭಾಗಿಸಬೇಕು. 60ರಲ್ಲಿ ಅದರ ಬೆಲೆ ಇಂದಿನ 2,780 ರೂಪಾಯಿ, 70ರಲ್ಲಿ 1,710, 80ರಲ್ಲಿ 1,050. 'ಜೀವನಪರ್ಯಂತ ಖಾತರಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ಕರಪತ್ರಗಳು ಖಾತರಿ ಕೊಡುವುದು ರೂಪಾಯಿಯ ಸಂಖ್ಯೆಗೆ ಮಾತ್ರ. ಭವಿಷ್ಯ ನಿಧಿಗೆ ಸೇರಿದ ನೌಕರರ ಪಿಂಚಣಿ ಯೋಜನೆಯಲ್ಲಿ 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಹತ್ತು ವರ್ಷ ದಾಟಿದರೂ ಅದು ಸಾವಿರವಾಗಿಯೇ ಉಳಿದಿತ್ತು. ತುಟ್ಟಿಭತ್ಯೆ ಸೇರುವ ಸರ್ಕಾರಿ ಪಿಂಚಣಿಗೂ ಇದಕ್ಕೂ ಇರುವ ಅಂತರ ಇದೇ. ಯಾವ ಪಿಂಚಣಿ ಪಾಲಿಸಿ ತಂದು ತೋರಿಸಿದರೂ ನಾನು ಮೊದಲು ಹುಡುಕುವುದು 'ವರ್ಷವರ್ಷ ಏರುತ್ತದೆಯೇ' ಎಂಬ ಸಾಲನ್ನು.

ಸಾಲದ ಕಂತಿನಲ್ಲಿ ಇದೇ ಗುಣ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಇವರ ಮನೆ ಸಾಲಕ್ಕೆ ತಿಂಗಳಿಗೆ 12,000 ಕಂತು, ಇನ್ನು ಹತ್ತು ವರ್ಷ ಉಳಿದಿದೆ ಎಂದುಕೊಳ್ಳಿ. ಕೊನೆಯ ಕಂತಿನ ಭಾರ ಇಂದಿನ 7,400 ರೂಪಾಯಿಯಷ್ಟೇ. ಹತ್ತೂ ವರ್ಷಕ್ಕೆ 12,000 ಎಂದೇ ಬರೆದರೆ ಇಲ್ಲದ ಹೊರೆಯನ್ನು ಹೊತ್ತಂತಾಗುತ್ತದೆ. ಆದರೆ ಬದಲಾಗುವ ಬಡ್ಡಿಯ ಸಾಲವಾದರೆ ಎಚ್ಚರ ಬೇಕು. ಬೆಲೆ ಏರಿದಾಗ ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ, ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಆಗ ಅನೇಕರ ಕಂತು ಹಾಗೆಯೇ ಇತ್ತು, ಸಾಲದ ಅವಧಿ ವರ್ಷಗಟ್ಟಲೆ ಉದ್ದವಾಯಿತು. ಬ್ಯಾಂಕಿನಿಂದ ಹೊಸ ಕಂತುಪಟ್ಟಿ ತರಿಸಿ ಕೊನೆಯ ದಿನಾಂಕ ನೋಡದೆ ಈ ಸಾಲನ್ನು ಬರೆಯಬೇಡಿ.

ಈಗ ಠೇವಣಿಯ ಬಡ್ಡಿ. 26,250 ರೂಪಾಯಿ ಪೂರ್ತಿ ಆದಾಯ ಎಂದು ತೋರುತ್ತದೆ, ಅದು ಹಾಗಲ್ಲ. 45 ಲಕ್ಷದ ಕೊಳ್ಳುವ ಶಕ್ತಿ ಉಳಿಯಬೇಕಾದರೆ ಪ್ರತಿ ವರ್ಷ ಅದರ ಶೇ 5, ಅಂದರೆ 2.25 ಲಕ್ಷ, ಮತ್ತೆ ಅಸಲಿಗೇ ಸೇರಬೇಕು. ವರ್ಷದ ಬಡ್ಡಿ 3.15 ಲಕ್ಷ. ಉಳಿಯುವುದು 90,000, ತಿಂಗಳಿಗೆ 7,500. ಇಂದಿನ ರೂಪಾಯಿಯಲ್ಲಿ ಅದು ನಾಲ್ಕು ಸಾವಿರದಷ್ಟು. ಉಳಿದದ್ದೆಲ್ಲ ಬಡ್ಡಿಯ ಹೆಸರಿನಲ್ಲಿ ಹಿಂದಿರುಗುವ ಅಸಲು. ಬಡ್ಡಿಯನ್ನಷ್ಟೇ ತಿನ್ನುತ್ತೇವೆ, ಅಸಲು ಮುಟ್ಟುವುದಿಲ್ಲ ಎನ್ನುವವರು ಬೆಲೆ ಏರುವ ಕಾಲದಲ್ಲಿ ಅಸಲನ್ನೇ ತಿನ್ನುತ್ತಿರುತ್ತಾರೆ. ಪಾಸ್‌ಬುಕ್ಕಿನಲ್ಲಿ ಅದು ಕಾಣುವುದಿಲ್ಲ.

ಐದನೆಯದು: ವರ್ಷವರ್ಷ ಇಳಿಸುತ್ತ ಹೋಗಿ

ಖರ್ಚು 30,000, ಬಾಡಿಗೆ 8,000 ಕಳೆದರೆ 22,000. ಅದರಲ್ಲಿ ಆ ವರ್ಷದ ಪಿಂಚಣಿಯ ನೈಜ ಬೆಲೆ ಕಳೆಯಿರಿ. ಉಳಿದದ್ದನ್ನು 25 ಲಕ್ಷದಿಂದ ತೆಗೆಯಿರಿ, ಮಿಕ್ಕ ಹಣಕ್ಕೆ ಶೇ 1.9 ಸೇರಿಸಿ, ಮುಂದಿನ ಸಾಲಿಗೆ ಹೋಗಿ. ಹಣ 72 ತುಂಬುವ ಮೊದಲೇ ಮುಗಿಯುತ್ತದೆ. ಅಸಲಿಗೆ ಕೈ ಹಚ್ಚುವುದೇ ಬೇಡ ಎಂದಿದ್ದ ಅದೇ ಹಾಳೆ, ಅದೇ ಅಂಕಿಗಳು.

ಆರನೆಯದು: ಅಂತರವನ್ನು ಅಲುಗಾಡಿಸಿ

ಹಣದುಬ್ಬರ ಶೇ 6 ಆಗಿ ಬಡ್ಡಿ 7ರಲ್ಲೇ ನಿಂತರೆ ಹಣ 70ರೊಳಗೆ ಮುಗಿಯುತ್ತದೆ. ಶೇ 4 ಆದರೆ 75ರ ಹತ್ತಿರಕ್ಕೆ ಹೋಗುತ್ತದೆ. ಆದರೆ ಈ ಎರಡನೆಯ ಉತ್ತರವನ್ನು ನಂಬಬೇಡಿ. ಹಣದುಬ್ಬರ ಬಹುಕಾಲ ಇಳಿದೇ ಇದ್ದರೆ ಠೇವಣಿಯ ಬಡ್ಡಿಯೂ ಇಳಿಯುತ್ತದೆ. ಸಾರ್ವಜನಿಕ ಭವಿಷ್ಯ ನಿಧಿಗೆ 1990ರ ದಶಕದಲ್ಲಿ ಶೇ 12 ಬಡ್ಡಿ ಇತ್ತು, 2020ರ ಏಪ್ರಿಲ್‌ನಿಂದ 7.1. ಹಿರಿಯರು ಆ 12ನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ಆದರೆ 1991ರಲ್ಲಿ ಬೆಲೆ ಏರಿಕೆ ಶೇ 13 ದಾಟಿತ್ತು. ಆ ವರ್ಷ 12 ಪಡೆದವರ ಹಣ ನೈಜವಾಗಿ ಕರಗಿತು. ಆದ್ದರಿಂದ ಬಡ್ಡಿಯೊಂದನ್ನೇ ಅಥವಾ ಹಣದುಬ್ಬರವೊಂದನ್ನೇ ಬದಲಿಸಿ ನೋಡುವುದಕ್ಕಿಂತ ಅವುಗಳ ನಡುವಿನ ಅಂತರವನ್ನು 1, 2, 3 ಎಂದು ಬದಲಿಸಿ ನೋಡಿ. ಸುರಕ್ಷಿತ ಠೇವಣಿಗೆ 2ಕ್ಕಿಂತ ಹೆಚ್ಚಿನ ಅಂತರ ಹಿಡಿದ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಬಡ್ಡಿಯನ್ನು ಮಾತ್ರ ಕೇಳಿ, ಹಣದುಬ್ಬರವನ್ನು ಕೇಳದೆ ಕೋಟಿಗಳನ್ನು ತೋರಿಸುವ ಮೊಬೈಲ್ ಕ್ಯಾಲ್ಕುಲೇಟರ್‌ಗಳನ್ನು ಬಳಸಲೇಬೇಡಿ.

ಕೊನೆಯದು: ಕೊರತೆಯನ್ನು ಕಂತಾಗಿಸಿ

85ರವರೆಗೆ ಹಣ ಬೇಕೆಂದರೆ 60ರಲ್ಲಿ ಇಂದಿನ ಸುಮಾರು 48 ಲಕ್ಷ ಇರಬೇಕು. ಇರುವುದು 25. ಉಳಿದ 23 ಲಕ್ಷವನ್ನು ಶೇ 1.9ರ ನೈಜ ದರದಲ್ಲಿ ಹನ್ನೆರಡು ವರ್ಷದಲ್ಲಿ ಕೂಡಿಸಲು ತಿಂಗಳಿಗೆ 14,500 ಉಳಿಸಬೇಕು. ಇದು ಇಂದಿನ ರೂಪಾಯಿ ಎಂಬುದನ್ನು ಮರೆಯಬಾರದು: ಎರಡನೆಯ ವರ್ಷ 15,200, ಹನ್ನೆರಡನೆಯ ವರ್ಷ 24,800. ಬ್ಯಾಂಕಿನಲ್ಲಿ ಸ್ವಯಂಚಾಲಿತ ಕಡಿತಕ್ಕೆ 14,500 ಎಂದು ಒಮ್ಮೆ ಬರೆದುಕೊಟ್ಟು ಸುಮ್ಮನಾದರೆ ಗುರಿ ಮುಟ್ಟುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಮೊತ್ತವನ್ನು ಬೆಲೆ ಏರಿದಷ್ಟು ಏರಿಸಿ, ಹಾಳೆಯ ಮೇಲಿನ 'ಇಂದಿನ ರೂಪಾಯಿ'ಯ ವರ್ಷವನ್ನೂ ಬದಲಿಸಿ. ಮನೆ ಸಾಲ ತೀರುವ ಹತ್ತನೆಯ ವರ್ಷದ ನಂತರ ಆ 12,000 ಕೈಗೆ ಉಳಿಯುತ್ತದೆ. ಕೊನೆಯ ಎರಡು ವರ್ಷದ ದೊಡ್ಡ ಕಂತಿನ ಅರ್ಧದಷ್ಟು ಅಲ್ಲಿಂದಲೇ ಬರುತ್ತದೆ.